ಕಂಪನಿ ನಿಜ, ಆದರೆ ನಿಮ್ಮ ಜೊತೆ ಮಾತಾಡ್ತಿರೋದು ಅವರೇನಾ?

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ)



ಕೆಲವು ದಿನಗಳ ಹಿಂದೆ ಹಾವೇರಿ ಕಡೆಯ ಒಬ್ಬ ಕೇಳುಗ ನಮಗೆ ಒಂದು ಪಿಡಿಎಫ್ ಕಳಿಸಿದ್ದ. ಕೆಳಗೆ ಒಂದೇ ಸಾಲು: "ಅಣ್ಣಾ, ಇದು ಒರಿಜಿನಲ್ಲಾ ನೋಡಿ ಹೇಳ್ರಿ, ಸಂಜೆ ಆರರ ಒಳಗ ರೊಕ್ಕ ಹಾಕ್ಬೇಕು ಅಂದಾರ." ಬಿ.ಕಾಂ ಮುಗಿಸಿ ಒಂದು ವರ್ಷ ಆಗಿದೆ. ಮನೆಯಿಂದಲೇ ಡೇಟಾ ಎಂಟ್ರಿ ಕೆಲಸ, ತಿಂಗಳಿಗೆ 28 ಸಾವಿರ ಸಂಬಳ. ಲ್ಯಾಪ್‌ಟಾಪ್ ಕಂಪನಿಯೇ ಕಳಿಸುತ್ತೆ, ಆದರೆ ಅದಕ್ಕೆ 4,999 ರೂಪಾಯಿ ಸೆಕ್ಯೂರಿಟಿ ಡೆಪಾಸಿಟ್ ಕಟ್ಟಬೇಕು, ಮೊದಲ ಸಂಬಳದ ಜೊತೆ ವಾಪಸ್ ಬರುತ್ತೆ. ಇದು ಆ ಪತ್ರದ ಸಾರಾಂಶ.

ಅವನು ಪೆದ್ದನಲ್ಲ. ಅವನೂ ಚೆಕ್ ಮಾಡಿದ್ದ. ಪತ್ರದ ಅಡಿಯಲ್ಲಿ ಕಂಪನಿಯ ನೋಂದಣಿ ನಂಬರ್ ಇತ್ತು. ಅದನ್ನ ಗೂಗಲ್‌ನಲ್ಲಿ ಹಾಕಿದಾಗ ಕಂಪನಿಯ ಹೆಸರು ಬಂತು, ಹೆಸರಿನ ಪಕ್ಕದಲ್ಲಿ "Active" ಅಂತಲೂ ಇತ್ತು. "ಗೌರ್ಮೆಂಟ್ ರೆಕಾರ್ಡಲ್ಲೇ ಐತಲ್ಲ ಅಣ್ಣಾ" ಅನ್ನೋದು ಅವನ ವಾದ.

ಬಹಳ ಜನ ಇಲ್ಲೇ ಎಡವೋದು. ಕಂಪನಿ ಇದೆಯಾ ಅನ್ನೋದು ಮೊದಲನೇ ಪ್ರಶ್ನೆ ಅಷ್ಟೇ. ಎರಡನೇ ಪ್ರಶ್ನೆ, ನನ್ನ ಜೊತೆ ಮಾತಾಡ್ತಿರೋರು ಆ ಕಂಪನಿಯವರೇನಾ? ಮೂರನೇದು, ಅವರು ನನ್ನ ಹತ್ತಿರ ಕೇಳ್ತಿರೋದನ್ನ ಕೇಳೋಕೆ ಆ ಕಂಪನಿಗೆ ಅನುಮತಿ ಇದೆಯಾ? ಕೆಲಸದ ಮೋಸಗಳು ಹೆಚ್ಚಾಗಿ ಎರಡನೇ ಪ್ರಶ್ನೆಯಲ್ಲಿ ಸಿಕ್ಕಿಬೀಳ್ತವೆ. ಹೂಡಿಕೆಯ ಮೋಸಗಳು ಮೂರನೇದರಲ್ಲಿ. ಇವತ್ತು ಈ ಮೂರನ್ನೂ ಒಂದೊಂದಾಗಿ ನೋಡೋಣ, ಆ ಹುಡುಗನ ಪಿಡಿಎಫ್ ಮುಂದಿಟ್ಟುಕೊಂಡೇ.

ಮೊದಲು ಆ ಉದ್ದದ ನಂಬರ್

ನಮ್ಮ ದೇಶದಲ್ಲಿ ನೋಂದಣಿಯಾದ ಪ್ರತಿಯೊಂದು ಕಂಪನಿಗೂ 21 ಅಕ್ಷರ-ಅಂಕಿಗಳ ಒಂದು ಗುರುತಿನ ನಂಬರ್ ಇರುತ್ತೆ. ಪತ್ರದಲ್ಲಿ CIN ಅಂತ ಬರೆದಿರುತ್ತಾರೆ, ನಾವು ಸಿಐಎನ್ ಅನ್ನೋಣ. ಕಂಪನಿ ತನ್ನ ಲೆಟರ್‌ಹೆಡ್‌ನಲ್ಲಿ ಹೆಸರು, ನೋಂದಾಯಿತ ಕಚೇರಿಯ ವಿಳಾಸ ಮತ್ತು ಈ ನಂಬರನ್ನ ಮುದ್ರಿಸಲೇಬೇಕು ಅಂತ 2013ರ ಕಂಪನಿ ಕಾಯ್ದೆಯ 12ನೇ ಸೆಕ್ಷನ್ ಹೇಳುತ್ತೆ. ಹಾಗಾಗಿ "ಪ್ರೈವೇಟ್ ಲಿಮಿಟೆಡ್" ಅಂತ ಹೇಳಿಕೊಳ್ಳೋ ಕಂಪನಿಯ ಆಫರ್ ಲೆಟರಲ್ಲಿ ಈ ನಂಬರೇ ಇಲ್ಲ ಅಂದ್ರೆ, ಅದನ್ನ ಕೇಳಿ ತರಿಸಿಕೊಳ್ಳಿ.

ಈ ನಂಬರ್ ಓದೋಕೆ ಬರುತ್ತೆ. ಉದಾಹರಣೆಗೆ ಎಲ್ಲರಿಗೂ ಗೊತ್ತಿರೋ ಇನ್ಫೋಸಿಸ್‌ನ ಸಿಐಎನ್ ತೊಗೊಳ್ಳಿ.

```
L85110KA1981PLC013115
```

ಮೊದಲ ಅಕ್ಷರ L ಅಂದ್ರೆ ಷೇರುಪೇಟೆಯಲ್ಲಿ ಲಿಸ್ಟ್ ಆದ ಕಂಪನಿ. ಲಿಸ್ಟ್ ಆಗದಿದ್ದರೆ ಅಲ್ಲಿ U ಇರುತ್ತೆ. ಆಮೇಲಿನ ಐದು ಅಂಕಿ ಉದ್ಯಮದ ಕೋಡ್. KA ಅಂದ್ರೆ ಕರ್ನಾಟಕ. 1981 ಕಂಪನಿ ನೋಂದಣಿಯಾದ ವರ್ಷ. PLC ಅಂದ್ರೆ ಪಬ್ಲಿಕ್ ಲಿಮಿಟೆಡ್. ಪ್ರೈವೇಟ್ ಲಿಮಿಟೆಡ್ ಆಗಿದ್ದರೆ PTC, ಒಬ್ಬರೇ ಮಾಲೀಕರ ಕಂಪನಿಯಾದರೆ OPC. ಕೊನೆಯ ಆರು ಅಂಕಿ ನೋಂದಣಿ ಸಂಖ್ಯೆ.

ಉದ್ಯಮದ ಕೋಡ್ ಬಗ್ಗೆ ಒಂದು ಮಾತು. ಈ ಕೋಡ್‌ಗಳ ಪಟ್ಟಿ ಕಾಲಕಾಲಕ್ಕೆ ಬದಲಾಗಿದೆ, ಹಳೆಯ ಕಂಪನಿಗಳಲ್ಲಿ ಹಳೆಯ ಕೋಡೇ ಉಳಿದಿರಬಹುದು. ಇನ್ಫೋಸಿಸ್‌ನ 85110 ನೋಡಿ ಅದು ಸಾಫ್ಟ್‌ವೇರ್ ಕಂಪನಿ ಅಂತ ಯಾರಿಗೂ ಹೊಳೆಯಲ್ಲ. ಅದಕ್ಕೆ ಬರೀ ಕೋಡ್ ಹೊಂದಲಿಲ್ಲ ಅಂತ ಮೋಸ ಅನ್ನೋಕಾಗಲ್ಲ. ಆದರೆ ವರ್ಷ ಮತ್ತು ರಾಜ್ಯ ಸುಳ್ಳು ಹೇಳಲ್ಲ. "ಇಪ್ಪತ್ತು ವರ್ಷಗಳ ಅನುಭವ" ಅಂತ ವೆಬ್‌ಸೈಟಲ್ಲಿ ಬರೆದುಕೊಂಡವರ ಸಿಐಎನ್‌ನಲ್ಲಿ 2023 ಅಂತ ಇದ್ದರೆ, ಆ ಇಪ್ಪತ್ತು ವರ್ಷ ಎಲ್ಲಿತ್ತು ಅಂತ ಕೇಳಬೇಕಾಗುತ್ತೆ.

ಎಲ್ಲಿ ನೋಡಬೇಕು

ಗೂಗಲ್‌ನಲ್ಲಿ ಕಂಪನಿ ಹೆಸರು ಹಾಕಿದಾಗ ಮೊದಲು ಬರೋದು ಖಾಸಗಿ ವೆಬ್‌ಸೈಟುಗಳು. ಅವು ಸರ್ಕಾರದ ಮಾಹಿತಿಯನ್ನೇ ಯಾವಾಗಲೋ ಎತ್ತಿಟ್ಟುಕೊಂಡಿರುತ್ತವೆ, ಹಳೆಯದಾಗಿರಬಹುದು. ಮೂಲ ದಾಖಲೆ ಇರೋದು ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಸೈಟಿನಲ್ಲಿ. ವಿಳಾಸ mca.gov.in. ಯಾರೋ ಕಳಿಸಿದ ಲಿಂಕ್ ಒತ್ತಬೇಡಿ, ನೀವೇ ಟೈಪ್ ಮಾಡಿ. ಕೊನೆಯಲ್ಲಿ gov.in ಇದೆಯಾ ನೋಡಿಕೊಳ್ಳಿ.

ಒಳಗೆ MCA Services ಅನ್ನೋ ಮೆನುವಿನಲ್ಲಿ Master Data ಅಂತ ಸಿಗುತ್ತೆ. ಅಲ್ಲಿ ಕಂಪನಿಯ ಹೆಸರು ಅಥವಾ ಸಿಐಎನ್ ಹಾಕಿ ಹುಡುಕಬಹುದು. ಸೈಟು ಲಾಗಿನ್ ಕೇಳಿದರೆ ಒಂದು ಖಾತೆ ಮಾಡಿಕೊಳ್ಳಿ, ದುಡ್ಡೇನಿಲ್ಲ. ಫೋನಲ್ಲಿ ಸ್ವಲ್ಪ ಒದ್ದಾಡಿಸುತ್ತೆ. ಬ್ರೌಸರಲ್ಲಿ ಡೆಸ್ಕ್‌ಟಾಪ್ ಸೈಟ್ ಆನ್ ಮಾಡಿಕೊಂಡರೆ ಸಲೀಸು.

ತೆರೆದುಕೊಳ್ಳೋ ಪುಟದಲ್ಲಿ ನೀವು ನೋಡಬೇಕಾದ್ದು ನಾಲ್ಕೇ ವಿಷಯ.

ಮೊದಲನೇದು Company Status. Active ಅಂದ್ರೆ ದಾಖಲೆಯಲ್ಲಿ ಜೀವಂತವಾಗಿದೆ. Strike Off ಅಂದ್ರೆ ರಿಜಿಸ್ಟರ್‌ನಿಂದ ಹೆಸರು ತೆಗೆದುಹಾಕಿದ್ದಾರೆ, ಅಂಥ ಕಂಪನಿ ನಿಮಗೆ ಕೆಲಸ ಕೊಡೋಕೆ ಸಾಧ್ಯವೇ ಇಲ್ಲ. Under Liquidation ಅಂದ್ರೆ ಮುಚ್ಚೋ ಹಂತದಲ್ಲಿದೆ.

ಎರಡನೇದು ಕೊನೆಯ ಬ್ಯಾಲೆನ್ಸ್ ಶೀಟ್‌ನ ದಿನಾಂಕ. ಪ್ರತಿ ಕಂಪನಿ ವರ್ಷಕ್ಕೊಮ್ಮೆ ಲೆಕ್ಕಪತ್ರ ಸಲ್ಲಿಸಬೇಕು. ಹೊಸ ಕಂಪನಿಯಾದರೆ ಈ ಜಾಗ ಖಾಲಿ ಇರಬಹುದು, ಅದು ತಪ್ಪಲ್ಲ. ಆದರೆ 2016ರಲ್ಲಿ ಹುಟ್ಟಿದ ಕಂಪನಿಯ ಕೊನೆಯ ಬ್ಯಾಲೆನ್ಸ್ ಶೀಟ್ 2019ರದ್ದು ಅಂದ್ರೆ, Active ಅನ್ನೋ ಪದಕ್ಕೆ ಹೆಚ್ಚು ಬೆಲೆ ಇಲ್ಲ. ಬಾಗಿಲು ಮುಚ್ಚಿದ ಮನೆಗೆ ಬೋರ್ಡ್ ಮಾತ್ರ ಉಳಿದ ಹಾಗೆ.

ಮೂರನೇದು ನೋಂದಾಯಿತ ವಿಳಾಸ ಮತ್ತು ಇಮೇಲ್. ನಾಲ್ಕನೇದು ನಿರ್ದೇಶಕರ ಹೆಸರುಗಳು. ಈ ಎರಡೂ ನಮ್ಮ ಎರಡನೇ ಪ್ರಶ್ನೆಗೆ ಬೇಕಾಗೋವು.

ಒಂದು ಎಚ್ಚರಿಕೆ. ಇದೇ ಪುಟದಲ್ಲಿ ಅಧಿಕೃತ ಬಂಡವಾಳ, ಪಾವತಿಯಾದ ಬಂಡವಾಳ ಅಂತ ಎರಡು ಮೊತ್ತ ಇರುತ್ತವೆ. ಮೋಸ ಮಾಡೋರು ಮೊದಲನೇದನ್ನ ತೋರಿಸಿ "ನಮ್ಮದು ಐದು ಕೋಟಿ ಕಂಪನಿ" ಅಂತಾರೆ. ಅದು ಇಷ್ಟರವರೆಗೆ ಷೇರು ಕೊಡಬಹುದು ಅನ್ನೋ ಮಿತಿ ಅಷ್ಟೇ. ಮಾಲೀಕರು ಷೇರಿಗಾಗಿ ನಿಜವಾಗಿ ಹಾಕಿದ ದುಡ್ಡು ಎರಡನೇದರಲ್ಲಿ ಕಾಣುತ್ತೆ. ಅದು ಹತ್ತು ಸಾವಿರವೂ ಇರಬಹುದು. ಕಂಪನಿ ತೆರೆಯೋಕೆ ಇಷ್ಟು ಬಂಡವಾಳ ಇರಲೇಬೇಕು ಅನ್ನೋ ಷರತ್ತನ್ನ 2015ರಲ್ಲೇ ತೆಗೆದಿದ್ದಾರೆ. ಇಬ್ಬರು ಸೇರಿದರೆ ಒಂದು ಪ್ರೈವೇಟ್ ಲಿಮಿಟೆಡ್ ಆಗುತ್ತೆ.

ಹಾವೇರಿ ಹುಡುಗನ ಪಿಡಿಎಫ್

ಈಗ ಅವನ ಪತ್ರಕ್ಕೆ ಬರೋಣ. ನಾನು ಮತ್ತು ಅವನು ಫೋನಲ್ಲೇ ಮಾತಾಡ್ತಾ ಒಂದೊಂದಾಗಿ ನೋಡಿದ್ವಿ.

ಸಿಐಎನ್ ಹಾಕಿದ್ವಿ. ಹೆಸರು ಅಕ್ಷರಕ್ಕೆ ಅಕ್ಷರ ಸರಿ ಇತ್ತು. ಈ ಅಕ್ಷರಕ್ಕೆ ಅಕ್ಷರ ಅನ್ನೋದು ಮುಖ್ಯ, ಯಾಕಂದ್ರೆ ಒಂದು ಅಕ್ಷರ ಹೆಚ್ಚು ಕಡಿಮೆ ಆದರೆ ಅದು ಬೇರೆಯೇ ಕಂಪನಿ. ಒಂದೇ ಹೆಸರಿನ ಪ್ರೈವೇಟ್ ಲಿಮಿಟೆಡ್ಡೂ ಎಲ್‌ಎಲ್‌ಪಿಯೂ ಒಂದೇ ಅಲ್ಲ. ಇಲ್ಲಿ ಹೆಸರು ಸರಿ, Active ಸರಿ, ಬ್ಯಾಲೆನ್ಸ್ ಶೀಟೂ ಹೊಸದೇ. ಕರ್ನಾಟಕದ್ದೇ, 2011ರಲ್ಲಿ ಹುಟ್ಟಿದ್ದು. "ನೋಡ್ರಿ, ಎಲ್ಲಾ ಐತಿ" ಅಂದ ಅವನು.

ಆಮೇಲೆ ವಿಳಾಸ. ಪತ್ರದಲ್ಲಿ ವೈಟ್‌ಫೀಲ್ಡ್‌ನ ಟೆಕ್ ಪಾರ್ಕ್, ನಾಲ್ಕನೇ ಮಹಡಿ. ದಾಖಲೆಯಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶದ ಒಂದು ಶೆಡ್. ನೋಂದಾಯಿತ ಕಚೇರಿ ಒಂದು ಕಡೆ, ಕೆಲಸದ ಕಚೇರಿ ಇನ್ನೊಂದು ಕಡೆ ಇರೋದು ಮಾಮೂಲು. ಬರೀ ಇದರಿಂದ ಏನೂ ಹೇಳೋಕಾಗಲ್ಲ.

ಆಮೇಲೆ ಸಹಿ. ಪತ್ರಕ್ಕೆ ಸಹಿ ಹಾಕಿದವರು "ಮ್ಯಾನೇಜಿಂಗ್ ಡೈರೆಕ್ಟರ್". ದಾಖಲೆಯಲ್ಲಿ ಇಬ್ಬರು ನಿರ್ದೇಶಕರಿದ್ದಾರೆ, ಇಬ್ಬರ ಹೆಸರೂ ಇದಲ್ಲ. ಎಚ್.ಆರ್. ಮ್ಯಾನೇಜರ್ ಹೆಸರು ಈ ಪಟ್ಟಿಯಲ್ಲಿ ಇರಬೇಕಾಗಿಲ್ಲ, ಆದರೆ ನಿರ್ದೇಶಕ ಅಂತ ಹೇಳಿಕೊಂಡವರ ಹೆಸರು ಇರಲೇಬೇಕು. ಇಲ್ಲಿ ಅವನ ದನಿ ಸ್ವಲ್ಪ ತಣ್ಣಗಾಯಿತು.

ಆಮೇಲೆ ಇಮೇಲ್. ಪತ್ರ ಬಂದಿದ್ದು ಕಂಪನಿಯ ಹೆಸರಿನ ಮುಂದೆ "careers" ಅಂತ ಸೇರಿಸಿದ ಒಂದು ಡೊಮೇನ್‌ನಿಂದ. ದಾಖಲೆಯಲ್ಲಿರೋ ಇಮೇಲ್‌ನ ಡೊಮೇನ್ ಬೇರೆ. ಸಣ್ಣ ಕಂಪನಿಗಳ ನೋಂದಾಯಿತ ಇಮೇಲ್ ಎಷ್ಟೋ ಸಲ ಅವರ ಆಡಿಟರ್‌ದಾಗಿರುತ್ತೆ, ಹಾಗಾಗಿ ಇದೂ ಒಂದೇ ಪುರಾವೆ ಆಗಲ್ಲ. ಆದರೆ ಡೊಮೇನ್ ಇದ್ದದ್ದರಿಂದ ಕಂಪನಿಯ ನಿಜವಾದ ವೆಬ್‌ಸೈಟ್ ಯಾವುದು ಅಂತ ಗೊತ್ತಾಯ್ತು.

ಇನ್ನೊಂದು ಇತ್ತು. "ಡೆಪಾಸಿಟ್ ರಸೀದಿ" ಅಂತ ಅವರು ಮುಂಗಡವಾಗಿ ಕಳಿಸಿದ ಕಾಗದದಲ್ಲಿ ಒಂದು ಜಿಎಸ್‌ಟಿ ನಂಬರ್. ಈ ನಂಬರನ್ನ ಹೇಗೆ ಓದೋದು ಅಂತ ಕಲಿತುಕೊಂಡರೆ ಬಹಳ ಉಪಯೋಗ. ಒಟ್ಟು 15 ಅಕ್ಷರ. ಮೊದಲ ಎರಡು ಅಂಕಿ ರಾಜ್ಯದ ಕೋಡ್, ಕರ್ನಾಟಕಕ್ಕೆ 29. ಆಮೇಲಿನ ಹತ್ತು ಅಕ್ಷರ ಆ ವ್ಯವಹಾರದ ಪ್ಯಾನ್ ನಂಬರ್. ಪ್ಯಾನ್‌ನ ನಾಲ್ಕನೇ ಅಕ್ಷರ ಅದು ಯಾರ ಪ್ಯಾನ್ ಅಂತ ಹೇಳುತ್ತೆ. ಕಂಪನಿಯಾದರೆ C, ಪಾಲುದಾರಿಕೆ ಸಂಸ್ಥೆಯಾದರೆ F, ಒಬ್ಬ ವ್ಯಕ್ತಿಯಾದರೆ P. ಅಂದ್ರೆ ಜಿಎಸ್‌ಟಿ ನಂಬರಿನ ಆರನೇ ಅಕ್ಷರ ನೋಡಿದರೆ ಸಾಕು. ಪ್ರೈವೇಟ್ ಲಿಮಿಟೆಡ್ ಅಂತ ಹೇಳಿಕೊಂಡವರ ಜಿಎಸ್‌ಟಿ ನಂಬರಲ್ಲಿ ಆರನೇ ಅಕ್ಷರ C ಇರಲೇಬೇಕು.

ಅವನ ರಸೀದಿಯಲ್ಲಿದ್ದ ನಂಬರ್ 07ರಿಂದ ಶುರು, ಅದು ದೆಹಲಿ. ದೊಡ್ಡ ಕಂಪನಿಗೆ ಬೇರೆ ಬೇರೆ ರಾಜ್ಯದ ಜಿಎಸ್‌ಟಿ ನಂಬರ್ ಇರಬಹುದು, ಸರಿ. ಆದರೆ ಆರನೇ ಅಕ್ಷರ P. ಯಾರೋ ಒಬ್ಬ ವ್ಯಕ್ತಿಯದ್ದು. gst.gov.in ಸೈಟಿನಲ್ಲಿ Search Taxpayer ಅನ್ನೋ ಕಡೆ ಆ ನಂಬರ್ ಹಾಕಿದ್ವಿ, ಇದಕ್ಕೆ ಲಾಗಿನ್ ಬೇಕಿಲ್ಲ. ಯಾರೋ ಒಬ್ಬರ ಸ್ವಂತ ಹೆಸರು ಬಂತು, ಪಕ್ಕದಲ್ಲಿ Cancelled ಅಂತ.

ಕೊನೆಗೆ ಅವನಿಗೆ ಒಂದು ಕೆಲಸ ಹೇಳಿದೆ. ಪತ್ರದಲ್ಲಿರೋ ನಂಬರಿಗೆ ಫೋನ್ ಮಾಡಬೇಡ, ಕಂಪನಿಯ ನಿಜವಾದ ವೆಬ್‌ಸೈಟಿನಲ್ಲಿರೋ ಲ್ಯಾಂಡ್‌ಲೈನ್‌ಗೆ ಮಾಡು ಅಂತ. ಎತ್ತಿದವರು ಅಲ್ಲಿನ ಅಕೌಂಟ್ಸ್ ನೋಡಿಕೊಳ್ಳೋ ಮೇಡಂ. ಅವರದ್ದು ಯಂತ್ರಗಳ ಬಿಡಿಭಾಗ ಮಾಡೋ ಕಂಪನಿ. "ನಮ್ಮಲ್ಲಿ ಡೇಟಾ ಎಂಟ್ರಿನೇ ಇಲ್ಲಪ್ಪ. ಈ ವಾರದಲ್ಲಿ ನೀನು ನಾಲ್ಕನೇಯವನು" ಅಂದರಂತೆ.

ಅಂದ್ರೆ ಏನಾಯ್ತು? ಕಂಪನಿ ನಿಜ. ನೋಂದಣಿ ನಿಜ. ಆ ಕಂಪನಿಗೂ ಈ ಪತ್ರಕ್ಕೂ ಸಂಬಂಧವೇ ಇಲ್ಲ. ಸಿಐಎನ್ ಗುಟ್ಟಿನ ನಂಬರಲ್ಲ, ಯಾರು ಬೇಕಾದರೂ ಕಾಪಿ ಮಾಡಬಹುದು. ಮೋಸಗಾರರಿಗೂ ಗೊತ್ತು ನೀವು ಚೆಕ್ ಮಾಡ್ತೀರಿ ಅಂತ. ಅದಕ್ಕೇ ಅವರು ಈಗ ಸುಳ್ಳು ಕಂಪನಿ ಸೃಷ್ಟಿ ಮಾಡೋ ಬದಲು ನಿಜವಾದ ಕಂಪನಿಯ ಹೆಸರನ್ನ ಹೊದ್ದುಕೊಂಡು ಬರ್ತಾರೆ. ಹಾಗಾಗಿ ದಾಖಲೆ ನೋಡೋದು ಅಂದ್ರೆ ಹೆಸರು ಇದೆಯಾ ಅಂತ ನೋಡೋದಷ್ಟೇ ಅಲ್ಲ. ಆ ದಾಖಲೆಯಿಂದ ಹೊರಟು ಕಂಪನಿಯನ್ನ ನೀವಾಗಿಯೇ ಹುಡುಕಿಕೊಂಡು ಹೋಗಿ ಕೇಳೋದು. ಅವರು ಕೊಟ್ಟ ಫೋನ್ ನಂಬರಿಗೆ ಮಾಡಿದರೆ ಅವರೇ ಎತ್ತುತ್ತಾರೆ, ಬೇರೆ ಯಾರು ಎತ್ತಬೇಕು?

ಹಾಗೆಯೇ ಯುಪಿಐ. ದುಡ್ಡು ಕಳಿಸೋ ಮುಂಚೆ ಪರದೆಯ ಮೇಲೆ ಖಾತೆದಾರರ ಹೆಸರು ಬರುತ್ತೆ. ಅವನಿಗೆ ಬಂದಿದ್ದ ಕ್ಯೂಆರ್ ಸ್ಕ್ಯಾನ್ ಮಾಡಿ ನೋಡಿದಾಗ ಒಬ್ಬ ವ್ಯಕ್ತಿಯ ಹೆಸರು. ಕಂಪನಿಗೆ ಕಟ್ಟೋ ದುಡ್ಡು ಕಂಪನಿಯ ಹೆಸರಿನ ಖಾತೆಗೇ ಹೋಗಬೇಕು. ಅದಕ್ಕಿಂತ ಮೊದಲಿನ ಮಾತು, ಕೆಲಸಕ್ಕೆ ಸೇರೋವನು ದುಡ್ಡು ಕಟ್ಟೋದೇ ಉಲ್ಟಾ ವ್ಯವಹಾರ.

ನೋಂದಣಿ ಬೇರೆ, ಅನುಮತಿ ಬೇರೆ

ಈಗ ಮೂರನೇ ಪ್ರಶ್ನೆ. ಇದು ನಿಮಗಿಂತ ಹೆಚ್ಚಾಗಿ ನಿಮ್ಮ ಮನೆಯವರಿಗೆ ಬೇಕಾಗಬಹುದು. ಯಾಕಂದ್ರೆ ಹೂಡಿಕೆಯ ಸ್ಕೀಮುಗಳು ವಾಟ್ಸಾಪ್‌ನಲ್ಲಷ್ಟೇ ಅಲ್ಲ, ಚಿಕ್ಕಪ್ಪನ ಸ್ನೇಹಿತರ ಮೂಲಕ, ಪಕ್ಕದ ಬೀದಿಯ ಏಜೆಂಟ್ ಮೂಲಕವೂ ಬರ್ತವೆ.

ಒಂದು ಲೆಕ್ಕ ತೊಗೊಳ್ಳೋಣ. ಒಬ್ಬರು ನಿಮ್ಮ ಅಮ್ಮನಿಗೆ ಹೇಳ್ತಾರೆ: "ಅಕ್ಕಾ, ಒಂದು ಲಕ್ಷ ಹಾಕಿ, ತಿಂಗಳಿಗೆ ಎಂಟು ಸಾವಿರ ಬರುತ್ತೆ. ನಮ್ಮದು ರಿಜಿಸ್ಟರ್ಡ್ ಕಂಪನಿ." ಕೇಂದ್ರ ಸರ್ಕಾರದ ಲಾಂಛನ ಇರೋ ನೋಂದಣಿ ಪ್ರಮಾಣಪತ್ರವನ್ನ ಫ್ರೇಮ್ ಹಾಕಿಸಿ ಆಫೀಸಿನ ಗೋಡೆಗೆ ನೇತುಹಾಕಿರುತ್ತಾರೆ. ನೀವು mca.gov.in ನೋಡ್ತೀರಿ. ಕಂಪನಿ ಇದೆ, Active. ಹೇಳೋ ಮನುಷ್ಯ ನಿಜವಾಗಿಯೂ ಅದರ ನಿರ್ದೇಶಕ. ಮೊದಲ ಎರಡು ಪ್ರಶ್ನೆಯೂ ಪಾಸ್.

ಆದರೆ ಆ ಪ್ರಮಾಣಪತ್ರ ಹೇಳೋದು ಇಷ್ಟೇ: ಈ ಹೆಸರಿನ ಒಂದು ಕಂಪನಿ ಇಂಥ ದಿನ ಹುಟ್ಟಿದೆ. ಅದೊಂದು ಜನನ ಪ್ರಮಾಣಪತ್ರ ಇದ್ದ ಹಾಗೆ. ಜನನ ಪ್ರಮಾಣಪತ್ರ ತೋರಿಸಿ ಯಾರಾದರೂ ಬಸ್ ಓಡಿಸ್ತೀನಿ ಅಂದ್ರೆ ನೀವು ಹತ್ತುತ್ತೀರಾ? ಡ್ರೈವಿಂಗ್ ಲೈಸೆನ್ಸ್ ಕೇಳ್ತೀರಿ. ಹಾಗೆಯೇ ಜನರಿಂದ ದುಡ್ಡು ಸಂಗ್ರಹಿಸೋಕೆ ಬೇರೆ ಅನುಮತಿ ಬೇಕು.

ಆ ಸಿಐಎನ್‌ನಲ್ಲಿ PTC ಇದೆ ಅಂತಿಟ್ಟುಕೊಳ್ಳಿ. ಪ್ರೈವೇಟ್ ಕಂಪನಿ ಸಾರ್ವಜನಿಕರಿಂದ ಠೇವಣಿ ತೊಗೊಳ್ಳೋ ಹಾಗಿಲ್ಲ. ತನ್ನ ಷೇರು ಕೊಳ್ಳಿ ಅಂತ ಸಾರ್ವಜನಿಕರನ್ನ ಕರೆಯೋ ಹಾಗೂ ಇಲ್ಲ. ಕಂಪನಿ ಕಾಯ್ದೆಯಡಿ ಜನರಿಂದ ಠೇವಣಿ ತೊಗೊಳ್ಳಬಹುದಾದದ್ದು ಪಬ್ಲಿಕ್ ಕಂಪನಿ ಮಾತ್ರ. ಅದಕ್ಕೂ ನಿವ್ವಳ ಮೌಲ್ಯ ಕನಿಷ್ಠ 100 ಕೋಟಿ ರೂಪಾಯಿ ಅಥವಾ ವಹಿವಾಟು ಕನಿಷ್ಠ 500 ಕೋಟಿ ಇರಬೇಕು, ಜೊತೆಗೆ ಇನ್ನಷ್ಟು ಷರತ್ತುಗಳಿವೆ. ಅಂದ್ರೆ ಎರಡನೇ ಮಹಡಿಯ ಆಫೀಸಿನ ಪ್ರೈವೇಟ್ ಲಿಮಿಟೆಡ್ "ರಿಜಿಸ್ಟರ್ಡ್" ಅಂತ ಹೇಳಿದ ತಕ್ಷಣವೇ ಉತ್ತರ ಸಿಕ್ಕಂತಾಯ್ತು. ರಿಜಿಸ್ಟರ್ಡ್ ಪ್ರೈವೇಟ್ ಕಂಪನಿ ಅಂತ ಸಾಬೀತಾದರೆ, ಅಮ್ಮನ ಒಂದು ಲಕ್ಷ ಕೇಳೋ ಹಕ್ಕು ಅವರಿಗಿಲ್ಲ ಅಂತಲೂ ಸಾಬೀತಾಯ್ತು.

"ಇಲ್ಲ, ನಮ್ಮದು ಫೈನಾನ್ಸ್ ಕಂಪನಿ, ಆರ್‌ಬಿಐ ಲೈಸೆನ್ಸ್ ಇದೆ" ಅನ್ನಬಹುದು. ಆಗ ಎರಡು ವಿಷಯ. ಫೈನಾನ್ಸ್ ಕಂಪನಿಗಳಲ್ಲಿ ಬಹುತೇಕವಕ್ಕೆ ಸಾಲ ಕೊಡೋ ಅನುಮತಿ ಇರುತ್ತೆ, ಠೇವಣಿ ತೊಗೊಳ್ಳೋ ಅನುಮತಿ ಇರಲ್ಲ. ಠೇವಣಿ ತೊಗೊಳ್ಳಬಹುದಾದ ಸಂಸ್ಥೆಗಳ ಪ್ರತ್ಯೇಕ ಪಟ್ಟಿ ರಿಸರ್ವ್ ಬ್ಯಾಂಕಿನ ವೆಬ್‌ಸೈಟಿನಲ್ಲಿದೆ, ಅದು ಬಹಳ ಚಿಕ್ಕ ಪಟ್ಟಿ. ಇನ್ನೊಂದು, ಆ ಪಟ್ಟಿಯಲ್ಲಿರೋರೂ ವರ್ಷಕ್ಕೆ ಶೇ. 12.5ಕ್ಕಿಂತ ಹೆಚ್ಚು ಬಡ್ಡಿ ಕೊಡೋ ಹಾಗಿಲ್ಲ. ನಮ್ಮ ಸ್ಕೀಮ್ ತಿಂಗಳಿಗೆ ಎಂಟು ಸಾವಿರ ಅನ್ನುತ್ತೆ. ವರ್ಷಕ್ಕೆ 96 ಸಾವಿರ. ಶೇ. 96. ಲೈಸೆನ್ಸ್ ನಿಜವಾಗಿದ್ದರೂ ಅವರು ಈ ಬಡ್ಡಿ ಕೊಡೋ ಹಾಗಿಲ್ಲ.

"ನಾವು ಷೇರ್ ಮಾರ್ಕೆಟ್‌ನಲ್ಲಿ ಹಾಕ್ತೀವಿ" ಅಂದ್ರೆ ಸೆಬಿ ನೋಂದಣಿ ಕೇಳಿ. ಹೂಡಿಕೆ ಸಲಹೆಗಾರರ ನಂಬರ್ INA ಅಂತ ಶುರುವಾಗುತ್ತೆ, ಸಂಶೋಧನಾ ವಿಶ್ಲೇಷಕರದ್ದು INH, ಷೇರು ದಲ್ಲಾಳಿಗಳದ್ದು INZ. sebi.gov.in ಸೈಟಿನಲ್ಲಿ ನೋಂದಾಯಿತರ ಪಟ್ಟಿಯಲ್ಲಿ ಹೆಸರು ಹುಡುಕಬಹುದು. ಇಲ್ಲೂ ಅನುಮತಿಯ ಗಡಿ ನೋಡಿಕೊಳ್ಳಿ. INA ಅಥವಾ INH ಇರೋರು ಸಲಹೆ ಕೊಟ್ಟು ಶುಲ್ಕ ತೊಗೊಳ್ಳಬಹುದು. ನಿಮ್ಮ ದುಡ್ಡನ್ನ ತಮ್ಮ ಖಾತೆಗೆ ಹಾಕಿಸಿಕೊಂಡು ಬೆಳೆಸಿ ಕೊಡ್ತೀವಿ ಅನ್ನೋ ಹಾಗಿಲ್ಲ, ಇಷ್ಟೇ ಲಾಭ ಖಚಿತ ಅಂತ ಭರವಸೆ ಕೊಡೋ ಹಾಗೂ ಇಲ್ಲ.

ಚೀಟಿ ವ್ಯವಹಾರಕ್ಕೆ 1982ರ ಚಿಟ್ ಫಂಡ್ ಕಾಯ್ದೆ ಇದೆ. ಅಲ್ಲಿ ಕಂಪನಿ ನೋಂದಣಿಯಾಗಿದ್ದರೆ ಸಾಲದು. ನೀವು ಸೇರ್ತಿರೋ ಆ ಚೀಟಿಯ ಗುಂಪಿಗೇ ರಾಜ್ಯದ ಚೀಟಿ ರಿಜಿಸ್ಟ್ರಾರ್‌ ಅವರಿಂದ ಅನುಮತಿ ಇರಬೇಕು.

ಬೆಂಗಳೂರಲ್ಲೇ ಆದ ಒಂದು ಪಾಠ

ಇದೆಲ್ಲ ಪುಸ್ತಕದ ಮಾತು ಅನ್ನಿಸಿದರೆ ಐಎಂಎ ಪ್ರಕರಣ ನೆನಪಿಸಿಕೊಳ್ಳಿ. 2006ರಲ್ಲಿ ಬೆಂಗಳೂರಲ್ಲಿ ಶುರುವಾದ ಸಂಸ್ಥೆ. ಗುಟ್ಟಾಗಿ ನಡೀತಿದ್ದ ವ್ಯವಹಾರ ಅಲ್ಲ. ಚಿನ್ನದಂಗಡಿ ಇತ್ತು, ಬೇರೆ ಬೇರೆ ವ್ಯಾಪಾರ ಇತ್ತು, ಕಣ್ಣಿಗೆ ಕಾಣೋ ಕಟ್ಟಡಗಳಿದ್ದವು. 2019ರ ಜೂನ್‌ನಲ್ಲಿ ಅದು ಕುಸಿದುಬಿತ್ತು. ಸಂಸ್ಥಾಪಕ ದೇಶ ಬಿಟ್ಟು ದುಬೈಗೆ ಹೋದರು, ಜುಲೈನಲ್ಲಿ ದೆಹಲಿಗೆ ವಾಪಸ್ ಬಂದಾಗ ಬಂಧನವಾಯ್ತು. ದೂರು ಕೊಟ್ಟವರು ಹತ್ತಾರು ಸಾವಿರ ಜನ. ಅವರಲ್ಲಿ ಮಗಳ ಮದುವೆಗೆ ಅಂತ ಕೂಡಿಟ್ಟವರು, ನಿವೃತ್ತಿಯ ಹಣ ಹಾಕಿದವರು ಇದ್ದರು.

ಇದರಲ್ಲಿ ನಮಗೆ ಬೇಕಾದ ವಿಷಯ ಒಂದೇ. ಅಲ್ಲಿ ದುಡ್ಡು ಹಾಕಿದವರನ್ನ ಕಾಗದದ ಮೇಲೆ ಠೇವಣಿದಾರರು ಅಂತ ತೋರಿಸಿರಲಿಲ್ಲ. ಎಲ್‌ಎಲ್‌ಪಿ, ಅಂದ್ರೆ ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ ಸಂಸ್ಥೆಗಳನ್ನ ನೋಂದಣಿ ಮಾಡಿಸಿ, ಜನರನ್ನ ಅದರ "ಪಾಲುದಾರರು" ಮಾಡಿಕೊಂಡಿದ್ದರು. ಪಾಲುದಾರ ಹಾಕೋದು ಠೇವಣಿ ಅಲ್ಲ, ಬಂಡವಾಳ. ತಿಂಗಳು ತಿಂಗಳು ಕೊಡೋದು ಬಡ್ಡಿ ಅಲ್ಲ, ಲಾಭದ ಪಾಲು. ಹೀಗೆ ಹೆಸರು ಬದಲಾಯಿಸಿ ಠೇವಣಿಯ ನಿಯಮಗಳಿಂದ ತಪ್ಪಿಸಿಕೊಳ್ಳೋ ದಾರಿ. ಆ ದಿನಗಳಲ್ಲಿ ಯಾರಾದರೂ ಸಚಿವಾಲಯದ ಸೈಟಲ್ಲಿ ಹುಡುಕಿದ್ದರೆ ನೋಂದಣಿ ಸಿಗುತ್ತಿತ್ತು. ಸಂಸ್ಥೆ ಅಸ್ತಿತ್ವದಲ್ಲಿತ್ತು, ಮಾತಾಡ್ತಿದ್ದವರೂ ಅವರೇ. ಕೇಳಬೇಕಿದ್ದದ್ದು ಮೂರನೇ ಪ್ರಶ್ನೆ.

ಅದಕ್ಕೇ ಯಾರಾದರೂ "ನೀವು ಹೂಡಿಕೆದಾರರಲ್ಲ, ನಮ್ಮ ಪಾರ್ಟ್‌ನರ್" ಅಂದ್ರೆ, ಹಾಗಾದರೆ ವ್ಯಾಪಾರದಲ್ಲಿ ನನ್ನ ಮಾತಿಗೆ ಏನು ಬೆಲೆ, ನಷ್ಟ ಆದರೆ ನನಗೂ ಪಾಲಿದೆಯಾ, ಲೆಕ್ಕಪತ್ರ ತೋರಿಸ್ತೀರಾ ಅಂತ ಕೇಳಿ. ಲಾಭ ಪ್ರತಿ ತಿಂಗಳೂ ಖಚಿತ, ಲೆಕ್ಕ ಮಾತ್ರ ಕೇಳಬೇಡಿ ಅನ್ನೋ ಪಾಲುದಾರಿಕೆ ಪ್ರಪಂಚದಲ್ಲಿ ಎಲ್ಲೂ ಇಲ್ಲ.

ಈ ಥರದ ಸ್ಕೀಮುಗಳನ್ನ ನಿಷೇಧಿಸೋ ಕೇಂದ್ರದ ಕಾನೂನು 2019ರಲ್ಲಿ ಬಂತು. ಕರ್ನಾಟಕದಲ್ಲಿ ಠೇವಣಿದಾರರ ಹಿತರಕ್ಷಣೆಗೆ 2004ರ ಕಾಯ್ದೆಯೂ ಇದೆ. ಅದರಡಿ ಆಸ್ತಿ ಜಪ್ತಿ ಮಾಡಿ ಹಂಚೋಕೆ ಅವಕಾಶ ಇದೆ. ಆದರೆ ಅದು ನಡೆಯೋದು ದುಡ್ಡು ಹೋದ ಮೇಲೆ, ಸಿಗೋದು ಉಳಿದದ್ದರಲ್ಲಿ ಒಂದು ಪಾಲು, ಅದಕ್ಕೂ ವರ್ಷಗಟ್ಟಲೆ ಕಾಯಬೇಕು.

ಯಾವ ಕಾಗದ ಏನು ಹೇಳಲ್ಲ

ಕೊನೆಯದಾಗಿ, ನಿಮ್ಮ ಮುಂದೆ ಹರಡೋ ಕಾಗದಗಳ ಬಗ್ಗೆ. ಉದ್ಯಮ್ ಪ್ರಮಾಣಪತ್ರ ಅಂದ್ರೆ ಸಣ್ಣ ಉದ್ಯಮ ಅಂತ ಸ್ವಯಂ ಘೋಷಣೆಯ ಮೇಲೆ ಆನ್‌ಲೈನಲ್ಲಿ ಉಚಿತವಾಗಿ ಸಿಗೋದು. ಯಾರೂ ಬಂದು ಅಂಗಡಿ ನೋಡಿ ಕೊಟ್ಟಿದ್ದಲ್ಲ. ಜಿಎಸ್‌ಟಿ ನೋಂದಣಿ ತೆರಿಗೆ ಕಟ್ಟೋಕೆ. ಛಾಪಾ ಕಾಗದದ ಮೇಲಿನ ಒಪ್ಪಂದಕ್ಕೆ ನೋಟರಿ ಸೀಲ್ ಬಿದ್ದರೆ, ಸಹಿ ಮಾಡಿದವರು ಯಾರು ಅನ್ನೋದಕ್ಕೆ ಒಂದು ಸಾಕ್ಷಿ ಆಯ್ತು, ಅದರಲ್ಲಿ ಬರೆದದ್ದು ಕಾನೂನುಬದ್ಧ ಅಂತಲ್ಲ. ಇವ್ಯಾವೂ ದುಡ್ಡು ಸಂಗ್ರಹಿಸೋ ಅನುಮತಿ ಪತ್ರ ಅಲ್ಲ.

ಇದರ ಉಲ್ಟಾನೂ ನೆನಪಿರಲಿ. ಸಚಿವಾಲಯದ ಸೈಟಲ್ಲಿ ಹೆಸರಿಲ್ಲ ಅಂದ ಮಾತ್ರಕ್ಕೆ ಮೋಸ ಅಂತಲ್ಲ. ನಿಮ್ಮೂರಿನ ಪ್ರಿಂಟಿಂಗ್ ಪ್ರೆಸ್, ಬಟ್ಟೆ ಅಂಗಡಿ ಒಬ್ಬರ ಸ್ವಂತ ವ್ಯಾಪಾರ ಆಗಿದ್ದರೆ ಅಲ್ಲಿ ಇರೋದೇ ಇಲ್ಲ. ಅವರು "ಪ್ರೈವೇಟ್ ಲಿಮಿಟೆಡ್" ಅಂತ ಹೇಳಿಕೊಂಡು ಅಲ್ಲಿ ಇಲ್ಲದಿದ್ದರೆ ಮಾತ್ರ ಅದು ಸುಳ್ಳು. ಹಾಗೆಯೇ ಸೈಟಲ್ಲಿರೋ ಮಾಹಿತಿ ಕಂಪನಿಯೇ ಸಲ್ಲಿಸಿದ್ದು. ಸರ್ಕಾರ ಆ ವ್ಯವಹಾರಕ್ಕೆ ಗ್ಯಾರಂಟಿ ನಿಂತಿಲ್ಲ.

ಇನ್ನೂ ಆಳವಾಗಿ ನೋಡಬೇಕಾದ ದೊಡ್ಡ ಮೊತ್ತ ಆಗಿದ್ದರೆ, ಅದೇ ಸೈಟಲ್ಲಿ 100 ರೂಪಾಯಿ ಕಟ್ಟಿ ಕಂಪನಿ ಸಲ್ಲಿಸಿದ ದಾಖಲೆಗಳನ್ನ ತೆರೆದು ನೋಡಬಹುದು. ಬ್ಯಾಲೆನ್ಸ್ ಶೀಟ್ ಓದೋಕೆ ಬರದಿದ್ದರೆ ಗೊತ್ತಿರೋ ಒಬ್ಬ ಅಕೌಂಟೆಂಟ್‌ಗೆ ತೋರಿಸಿ. ಕೋಟಿಗಟ್ಟಲೆ ಲಾಭ ಹಂಚ್ತೀವಿ ಅನ್ನೋ ಕಂಪನಿಯ ವರ್ಷದ ವಹಿವಾಟು ಎರಡು ಲಕ್ಷ ಇದ್ದರೆ, ಅವರು ಒಂದೇ ನೋಟದಲ್ಲಿ ಹೇಳ್ತಾರೆ.

ಠೇವಣಿಯ ಸ್ಕೀಮ್ ಮೇಲೆ ಅನುಮಾನ ಬಂದರೆ ರಿಸರ್ವ್ ಬ್ಯಾಂಕಿನ sachet.rbi.org.in ಸೈಟಿನಲ್ಲಿ ಅದು ಯಾರ ಹತ್ತಿರ ನೋಂದಣಿಯಾಗಿದೆ ಅಂತ ನೋಡಬಹುದು, ದೂರನ್ನೂ ಕೊಡಬಹುದು. ಆನ್‌ಲೈನಲ್ಲಿ ದುಡ್ಡು ಈಗಾಗಲೇ ಹೋಗಿದ್ದರೆ ನಾಚಿಕೆ ಪಟ್ಟುಕೊಂಡು ಕೂರಬೇಡಿ, ತಕ್ಷಣ 1930ಕ್ಕೆ ಕರೆ ಮಾಡಿ. ಆ ದುಡ್ಡು ಇನ್ನೊಂದು ಖಾತೆಗೆ ಹಾರೋ ಮುಂಚೆ ತಡೆಯೋ ಸಾಧ್ಯತೆ ಇರೋದು ಮೊದಲ ಕೆಲವು ಗಂಟೆಗಳಲ್ಲಿ ಮಾತ್ರ.

ಹಾವೇರಿ ಹುಡುಗ ದುಡ್ಡು ಹಾಕಲಿಲ್ಲ. ಆರು ಗಂಟೆಗೆ ಅವರಿಂದ ಫೋನ್ ಬಂತಂತೆ. ಇವನು ಕೇಳಿದ್ದು ಒಂದೇ: "ಸರ್, ನಿಮ್ಮ ಜಿಎಸ್‌ಟಿ ನಂಬರಿನ ಆರನೇ ಅಕ್ಷರ ಪಿ ಯಾಕ್ ಐತ್ರಿ?" ಆ ಕಡೆಯಿಂದ ಫೋನ್ ಕಟ್.

ನಿಮಗೂ ಅಂಥ ಪತ್ರ ಬಂದಿದ್ದರೆ, ನಿಮ್ಮ ಹೆಸರು, ನಂಬರ್ ಅಳಿಸಿ ನಮಗೆ ಕಳಿಸಿ.